ಆ್ಯಪ್ ಕೈಕೊಟ್ಟಾಗ ಮೊದಲು ಎಲ್ಲಿ ನೋಡಬೇಕು?

ಆ್ಯಪ್ ನಿಧಾನವಾಯಿತು ಎಂದ ಕೂಡಲೇ ಹೆಚ್ಚಿನವರು ಲಾಗ್ ತೆರೆದು error ಎಂದು ಹುಡುಕುತ್ತಾರೆ. ಸಾವಿರಾರು ಸಾಲು ಬರುತ್ತವೆ, ಅದರಲ್ಲಿ ಅರ್ಧ ದಿನಾ ಬರುವಂಥವೇ. ಅಷ್ಟರಲ್ಲಿ ಯಾರೋ ಡೇಟಾಬೇಸ್ ರೀಸ್ಟಾರ್ಟ್ ಮಾಡಿ ತೊಂದರೆ ಜಾಸ್ತಿ ಮಾಡಿರುತ್ತಾರೆ. ಲಾಗ್ ನೋಡಬೇಕಾದದ್ದು ಕೊನೆಗೆ. ಏನಾಗಿದೆ, ಯಾವಾಗಿನಿಂದ ಎಂದು ಮಾನಿಟರಿಂಗ್ ಹೇಳುತ್ತದೆ. ಎಲ್ಲಿ ಎಂದು ಟ್ರೇಸ್ ಹೇಳುತ್ತದೆ. ಯಾಕೆ ಎಂಬುದು ಲಾಗ್‌ನಲ್ಲಿರುತ್ತದೆ.

ಒಂದು ಬಸ್ ಟಿಕೆಟ್ ಬುಕಿಂಗ್ ಆ್ಯಪ್ ಇದೆ ಎಂದುಕೊಳ್ಳಿ.

1. ಗ್ರಾಫ್ ನೋಡಿ

ಮೂರೇ ಗ್ರಾಫ್ ಸಾಕು: ಎಷ್ಟು ರಿಕ್ವೆಸ್ಟ್ ಬರುತ್ತಿವೆ, ಎಷ್ಟು ಫೇಲ್ ಆಗುತ್ತಿವೆ, ಎಷ್ಟು ಹೊತ್ತು ಹಿಡಿಯುತ್ತಿದೆ. ಹೊತ್ತಿನ ಗ್ರಾಫ್‌ನಲ್ಲಿ ಸರಾಸರಿಯನ್ನು ನಂಬಲೇಬೇಡಿ. 100ರಲ್ಲಿ 95 ರಿಕ್ವೆಸ್ಟ್ 200 ಮಿಲಿಸೆಕೆಂಡಿನಲ್ಲಿ ಮುಗಿದು, ಉಳಿದ 5 ಎಂಟು ಸೆಕೆಂಡ್ ಕಾದರೂ ಸರಾಸರಿ 600 ಮಿಲಿಸೆಕೆಂಡ್ ದಾಟುವುದಿಲ್ಲ. 100ರಲ್ಲಿ 99 ರಿಕ್ವೆಸ್ಟ್ ಎಷ್ಟು ಹೊತ್ತಿನೊಳಗೆ ಮುಗಿದವು ಎಂದು ಹೇಳುವ p99 ನೋಡಿದರೆ ಆ 8 ಸೆಕೆಂಡ್ ಕಣ್ಣಿಗೆ ಬೀಳುತ್ತದೆ. ನಮ್ಮ ಆ್ಯಪ್‌ನಲ್ಲಿ ಅದು 10:42ಕ್ಕೆ ಏರಿದೆ. ಹೊಸ ಕೋಡ್ ಹೋದದ್ದು 10:30ಕ್ಕೆ. ಇದನ್ನು ಬರೆದಿಟ್ಟುಕೊಂಡು ಮುಂದೆ ಹೋಗಿ.

2. ನಿಧಾನವಾದ ಒಂದು ಟ್ರೇಸ್ ತೆರೆಯಿರಿ

ಎಡವುವುದು ಇಲ್ಲೇ. ಟ್ರೇಸ್ ಎಂದರೆ ಒಂದೇ ರಿಕ್ವೆಸ್ಟ್ ಯಾವ ಯಾವ ಸರ್ವಿಸ್‌ಗೆ ಹೋಯಿತು, ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತು ಎಂಬ ಚಿತ್ರ. ಅದರ ಒಂದೊಂದು ಪಟ್ಟಿಯೂ ಒಂದು ಸ್ಪ್ಯಾನ್. ನಮ್ಮ ಟ್ರೇಸ್‌ನಲ್ಲಿ ಸೀಟ್ ಸರ್ವಿಸ್‌ನ ಸ್ಪ್ಯಾನ್ 7.2 ಸೆಕೆಂಡ್ ಉದ್ದವಿದೆ. ಅದರೊಳಗೆ ಡೇಟಾಬೇಸ್ ಸ್ಪ್ಯಾನ್ ಇದೆ. ಅಂದರೆ ತಪ್ಪು ಡೇಟಾಬೇಸಿನದೇ ಅಲ್ವಾ? ಅಲ್ಲ. ಒಳಗಿನ ಪಟ್ಟಿಯ ಉದ್ದ ಸರಿಯಾಗಿ ನೋಡಿ: ಬರೀ 12 ಮಿಲಿಸೆಕೆಂಡ್. ಉಳಿದ ಹೊತ್ತೆಲ್ಲ ಅದಕ್ಕಿಂತ ಮುಂಚಿನ ಖಾಲಿ ಜಾಗ. ಉದ್ದದ ಪಟ್ಟಿ ನೋಡುವುದು ಸುಲಭ, ಖಾಲಿ ಜಾಗ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು. ಕ್ವೆರಿಗೆ ಮುಂಚೆ ಖಾಲಿ ಜಾಗವಿದ್ದರೆ, ರಿಕ್ವೆಸ್ಟ್ ಯಾವುದಕ್ಕೋ ಕಾಯುತ್ತಿತ್ತು ಎಂದು ಮೊದಲು ಅನುಮಾನಿಸಿ. ಹೆಚ್ಚಿನ ಸಲ ಅದು ಡೇಟಾಬೇಸ್ ಕನೆಕ್ಷನ್‌ಗಾಗಿ ಕಾದದ್ದಾಗಿರುತ್ತದೆ.

ನಿಧಾನವಾದ ಟ್ರೇಸೇ ಸಿಗದಿದ್ದರೆ ಸ್ಯಾಂಪ್ಲಿಂಗ್ ಪರೀಕ್ಷಿಸಿ. ದುಡ್ಡು ಉಳಿಸಲು 100ಕ್ಕೆ 1 ಮಾತ್ರ ಇಟ್ಟುಕೊಂಡು, ಆ ಆಯ್ಕೆಯನ್ನು ರಿಕ್ವೆಸ್ಟ್ ಶುರುವಾಗುವಾಗಲೇ ಮಾಡಿದರೆ, ಬೇಕಾದ ಟ್ರೇಸ್‌ಗಳೇ ಕಸದ ಬುಟ್ಟಿಗೆ ಹೋಗಿರುತ್ತವೆ. ರಿಕ್ವೆಸ್ಟ್ ಮುಗಿದ ಮೇಲೆ ಆರಿಸುವ ಟೇಲ್ ಸ್ಯಾಂಪ್ಲಿಂಗ್ ಹಾಕಿ. ನಿಧಾನವಾದವು, ಫೇಲಾದವು ಎಲ್ಲವನ್ನೂ ಉಳಿಸಿ. ಟ್ರೇಸ್ ಸಂಗ್ರಹಿಸುವ ಓಪನ್‌ಟೆಲಿಮೆಟ್ರಿ ಕಲೆಕ್ಟರ್‌ನಲ್ಲಿ ಈ ಸೌಲಭ್ಯವಿದೆ.

ಟ್ರೇಸ್ ಅರ್ಧಕ್ಕೇ ನಿಂತಿದ್ದರೆ ನಡುವೆ ಕಾಫ್ಕಾದಂಥ ಕ್ಯೂ ಇರಬಹುದು. ಟ್ರೇಸ್ ಐಡಿ ಹೊತ್ತ `traceparent` ಹೆಡರನ್ನು ಮೆಸೇಜಿನ ಜೊತೆಗೂ ಕಳಿಸದೆ ಇದ್ದರೆ ಆಚೆ ಕಡೆ ಬೇರೆಯೇ ಟ್ರೇಸ್ ಶುರುವಾಗುತ್ತದೆ.

3. ಈಗ ಲಾಗ್

ಅದೇ ಹೊತ್ತಿನಲ್ಲಿ ಫೇಲಾದ ಇನ್ನೊಂದು ಟ್ರೇಸಿನ ಐಡಿ ತೆಗೆದುಕೊಂಡು ಲಾಗ್‌ನಲ್ಲಿ ಹುಡುಕಿ:

```
10:43:07+05:30 ERROR trace_id=4bf92f3577b34da6a3ce929d0e0e4736
HikariPool-1 - Connection is not available, request timed out after 8000ms
(total=10, active=10, idle=0, waiting=41)
```

ಹತ್ತು ಕನೆಕ್ಷನ್, ಹತ್ತೂ ಬಳಕೆಯಲ್ಲಿ, 41 ರಿಕ್ವೆಸ್ಟ್ ಕಾಯುತ್ತಿವೆ. ಡೇಟಾಬೇಸ್ ಚೆನ್ನಾಗೇ ಇದೆ. ಕನೆಕ್ಷನ್ ಹಿಡಿದು ಕುಳಿತವರು ಯಾರು ಎಂದು ತಿಳಿಯಲು ಮತ್ತೆ ಟ್ರೇಸ್‌ಗೆ ಹೋಗಿ, ಅದೇ ಸರ್ವಿಸ್‌ನ ಬೇರೆ ರಿಕ್ವೆಸ್ಟ್ ನೋಡಿ. 10:30ರ ಕೋಡ್ ಡೇಟಾಬೇಸ್ ಟ್ರಾನ್ಸಾಕ್ಷನ್ ಮುಗಿಸುವ ಮುಂಚೆಯೇ ಎಸ್ಎಂಎಸ್ ಕಳಿಸುತ್ತಿದೆ. ಎಸ್ಎಂಎಸ್ ಕಂಪನಿ 10:40ರ ಸುಮಾರಿಗೆ ನಿಧಾನವಾಗಿ, ಒಂದೊಂದಕ್ಕೂ 6 ಸೆಕೆಂಡ್ ತೆಗೆದುಕೊಳ್ಳುತ್ತಿದೆ. ಅಷ್ಟೂ ಹೊತ್ತು ಕನೆಕ್ಷನ್ ಅಲ್ಲೇ ಸಿಕ್ಕಿಹಾಕಿಕೊಂಡಿದೆ. 10:30ಕ್ಕೂ 10:42ಕ್ಕೂ ನಡುವೆ ಅಂತರ ಯಾಕಿತ್ತು ಎಂಬುದೂ ಇಲ್ಲೇ ತಿಳಿಯಿತು.

ಲಾಗ್ ಸಾಲಿನಲ್ಲಿ ಟ್ರೇಸ್ ಐಡಿ ಇರದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಇವತ್ತೇ ಅದನ್ನು ಸೇರಿಸಿ. ಆದರೆ ಅದೇ ಐಡಿಯನ್ನೋ ಗ್ರಾಹಕರ ಐಡಿಯನ್ನೋ ಮಾನಿಟರಿಂಗ್ ಟೂಲ್ ಪ್ರಮೀಥಿಯಸ್‌ನಲ್ಲಿ ಲೇಬಲ್ ಮಾಡಬೇಡಿ. ಒಂದೊಂದು ಐಡಿಗೂ ಹೊಸ ಸರಣಿ ಹುಟ್ಟಿ, ಮೆಮೊರಿ ತುಂಬಿ ಮಾನಿಟರಿಂಗೇ ಮಲಗುತ್ತದೆ. ಹಾಗೆಯೇ ಒಂದು ಸರ್ವಿಸ್ ಯುಟಿಸಿಯಲ್ಲಿ, ಇನ್ನೊಂದು ಭಾರತದ ಸಮಯದಲ್ಲಿ ಬರೆದರೆ ಐದೂವರೆ ಗಂಟೆಯ ಗೊಂದಲ. ಎಲ್ಲವನ್ನೂ ಯುಟಿಸಿಗೆ ತನ್ನಿ. ಮೇಲಿನ ಸಾಲಿನಂತೆ ಸಮಯದ ಪಕ್ಕ `+05:30` ಇದ್ದರೆ ಲೆಕ್ಕ ಹಾಕಬಹುದು, ಅದೂ ಇಲ್ಲದ ಲಾಗ್ ಬೇಡವೇ ಬೇಡ.

4. ಹಳೆಯ ಕೋಡ್‌ಗೆ ಮರಳಿ

ಮೊದಲು ಹಳೆಯ ಕೋಡ್ ವಾಪಸ್ ಹಾಕಿ. ಕನೆಕ್ಷನ್ ಪೂಲ್ ಅನ್ನು 10ರಿಂದ 50 ಮಾಡುವ ಅಡ್ಡದಾರಿ ಹಿಡಿಯಬೇಡಿ, ಎಸ್ಎಂಎಸ್ ಇನ್ನಷ್ಟು ನಿಧಾನವಾದರೆ 50ರಲ್ಲೂ ಇದೇ ಕಥೆ. ಆಮೇಲೆ ಎಸ್ಎಂಎಸ್ ಕರೆಯನ್ನು ಟ್ರಾನ್ಸಾಕ್ಷನ್‌ನಿಂದ ಹೊರಗಿಟ್ಟು ಅದಕ್ಕೆ ಟೈಮ್‌ಔಟ್ ಹಾಕಿ. ಕನೆಕ್ಷನ್‌ಗೆ ಕಾಯುವವರ ಸಂಖ್ಯೆಗೂ ಅಲರ್ಟ್ ಇಡಿ.

ಇನ್ನೊಂದು ಮಾತು. ಮಾನಿಟರಿಂಗನ್ನು ಆ್ಯಪ್ ಇರುವ ಜಾಗದಲ್ಲೇ ಇಡಬೇಡಿ. 2021ರ ಡಿಸೆಂಬರ್ 7ರಂದು ಅಮೆಜಾನ್ ಕ್ಲೌಡ್‌ನ us-east-1 ಪ್ರದೇಶದಲ್ಲಿ ಒಳಗಿನ ನೆಟ್‌ವರ್ಕ್ ದಟ್ಟಣೆಯಿಂದ ಮಾನಿಟರಿಂಗ್ ಮಾಹಿತಿಯೂ ಎಂಜಿನಿಯರ್‌ಗಳಿಗೆ ಸರಿಯಾಗಿ ಸಿಗಲಿಲ್ಲ. ಅವರು ಲಾಗ್‌ಗಳನ್ನೇ ನಂಬಿಕೊಂಡು ಹುಡುಕಬೇಕಾಯಿತು. ಡಿಎನ್ಎಸ್ ತೊಂದರೆ ಮೊದಲು ಕಂಡದ್ದು ಆ ಲಾಗ್‌ಗಳಲ್ಲೇ.