ಇಫ್‌ಗಳ ಸರಪಳಿ ಬಿಟ್ಟು, ದರದ ಏರಿಕೆಯಿಂದಲೇ ತೆರಿಗೆ ಲೆಕ್ಕ ಹಾಕಿದ ನನ್ನ ಅನುಭವ

ಸಣ್ಣ ಕಾರ್ಖಾನೆಗಳ ಸಂಬಳದ ಟಿಡಿಎಸ್ ಲೆಕ್ಕ ನೋಡುವವರಿಗೆ ಕಳೆದ ಕೆಲವು ವರ್ಷಗಳು ಕಷ್ಟದವು. ಆದಾಯ ತೆರಿಗೆಯ ಹೊಸ ಪದ್ಧತಿಯ ಸ್ಲ್ಯಾಬ್‌ಗಳು 2023-24, 2024-25 ಮತ್ತು 2025-26ರಲ್ಲಿ ಪ್ರತಿ ಸಲವೂ ಬದಲಾದವು. ಬಹುತೇಕ ಕಚೇರಿಗಳ ಎಕ್ಸೆಲ್ ಹಾಳೆಗಳಲ್ಲಿ ಇರುವುದು ಇಫ್‌ನೊಳಗೆ ಇಫ್ ಸೇರಿಸಿದ ಸೂತ್ರ. ಅದರಲ್ಲಿ ದರ ಮತ್ತು ಮಿತಿಗಳ ಜೊತೆಗೆ, ಕೆಳಗಿನ ಹಂತಗಳ ತೆರಿಗೆಯನ್ನು ಕೂಡಿಸಿಟ್ಟ ಸ್ಥಿರ ಮೊತ್ತವೂ ಹುದುಗಿರುತ್ತದೆ. ಬಜೆಟ್ ಬಂದಾಗ ದರ ಮತ್ತು ಮಿತಿ ಎಲ್ಲರ ಕಣ್ಣಿಗೂ ಬೀಳುತ್ತವೆ, ಸ್ಥಿರ ಮೊತ್ತ ಬೀಳುವುದಿಲ್ಲ.

ನನ್ನ ಕೈಗೆ ಬಂದ ಒಂದು ಹಾಳೆಯಲ್ಲಿ ಆಗಿದ್ದು ಅದೇ. 12 ಲಕ್ಷದ ಮೇಲಿನ ಹಂತಕ್ಕೆ 2025-26ರಲ್ಲಿ 60,000 ಇರಬೇಕಾದ ಜಾಗದಲ್ಲಿ ಹಿಂದಿನ ವರ್ಷದ 80,000 ಹಾಗೆಯೇ ಉಳಿದಿತ್ತು. 12ರಿಂದ 16 ಲಕ್ಷದ ನಡುವೆ ಆದಾಯವಿದ್ದ ಹೆಚ್ಚಿನವರಿಗೆ ಸೆಸ್ ಸೇರಿ ವರ್ಷಕ್ಕೆ 20,800 ರೂಪಾಯಿ ಹೆಚ್ಚಾಗಿ ಕಡಿತವಾಗುವಂತಿತ್ತು, ಅಂದರೆ ತಿಂಗಳಿಗೆ ಸುಮಾರು 1,700. ಇಂಥ ದೋಷವನ್ನು ಹಿಡಿಯಲು ಒಂದೇ ಪರೀಕ್ಷೆ ಸಾಕು: ಪ್ರತಿ ಮಿತಿಯಲ್ಲಿ ಮತ್ತು ಅದಕ್ಕೆ ಒಂದು ರೂಪಾಯಿ ಸೇರಿಸಿ ತೆರಿಗೆ ನೋಡಬೇಕು. ಆ ಹಾಳೆ 16,00,000ಕ್ಕೆ 1,40,000 ತೋರಿಸಿ, 16,00,001ಕ್ಕೆ 1,20,000ಕ್ಕೆ ಇಳಿಯುತ್ತಿತ್ತು. ಆದಾಯ ಏರಿದಾಗ ಸ್ಲ್ಯಾಬ್ ತೆರಿಗೆ ಇಳಿದರೆ ಸೂತ್ರ ಕೆಟ್ಟಿದೆ ಎಂದೇ ಅರ್ಥ.

ನಾನು ಮಾಡಿದ್ದು ಸ್ಥಿರ ಮೊತ್ತವನ್ನೇ ತೆಗೆದುಹಾಕುವ ಕೆಲಸ. E2:E7ರಲ್ಲಿ ಹಂತಗಳು ಶುರುವಾಗುವ ಮಿತಿಗಳನ್ನು, ಅಂದರೆ 4, 8, 12, 16, 20 ಮತ್ತು 24 ಲಕ್ಷವನ್ನು ಬರೆದೆ. F2:F7ರಲ್ಲಿ ಹಂತದ ಪೂರ್ಣ ದರವನ್ನಲ್ಲ, ಹಿಂದಿನ ಹಂತಕ್ಕಿಂತ ದರ ಎಷ್ಟು ಏರಿತು ಎಂಬುದನ್ನು ಮಾತ್ರ ಬರೆದೆ. ಈ ಪಟ್ಟಿಯಲ್ಲಿ ದರ 5ರಿಂದ 30ರವರೆಗೆ ಐದೈದಾಗಿ ಏರುವುದರಿಂದ ಆರೂ ಸಾಲುಗಳಲ್ಲಿ 5% ಬರುತ್ತದೆ. B2ರಲ್ಲಿ ತೆರಿಗೆಗೆ ಒಳಪಡುವ ಆದಾಯ, C2ರಲ್ಲಿ ಈ ಸೂತ್ರ:

```
=SUMPRODUCT((B2>$E$2:$E$7)*(B2-$E$2:$E$7)*$F$2:$F$7)
```

ಹಿರಿಯ ಲೆಕ್ಕಪರಿಶೋಧಕರೊಬ್ಬರು ಇದನ್ನು ನೋಡಿ, "ಒಂದೇ ಹಣಕ್ಕೆ ಮೂರು ನಾಲ್ಕು ಸಲ ತೆರಿಗೆ ಹಾಕಿದಂತಾಗುವುದಿಲ್ಲವೇ?" ಎಂದು ಒಪ್ಪಲೇ ಇಲ್ಲ. ಅವರ ಮುಂದೆಯೇ 17,75,000 ಸಂಬಳದ ಲೆಕ್ಕ ಹಾಕಿದೆ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 17 ಲಕ್ಷ. 4 ಲಕ್ಷದ ಮೇಲಿನ 13 ಲಕ್ಷಕ್ಕೆ 65,000, 8ರ ಮೇಲಿನ 9 ಲಕ್ಷಕ್ಕೆ 45,000, 12ರ ಮೇಲಿನ 5 ಲಕ್ಷಕ್ಕೆ 25,000, 16ರ ಮೇಲಿನ 1 ಲಕ್ಷಕ್ಕೆ 5,000, ಒಟ್ಟು 1,40,000. ಅವರು ಹಂತ ಹಂತವಾಗಿ ಕೂಡಿದ 20,000, 40,000, 60,000 ಮತ್ತು 20,000ದ ಮೊತ್ತವೂ ಅಷ್ಟೇ. ಕೊನೆಯ ಒಂದು ಲಕ್ಷದ ಮೇಲೆ ಐದು ಪರ್ಸೆಂಟ್ ನಾಲ್ಕು ಸಲ ಬಿದ್ದೇ ಅದರ ದರ 20% ಆಗುತ್ತದೆ. ಈಗ ಅವರ ಕಚೇರಿಯಲ್ಲೂ ಇದೇ ಹಾಳೆ ನಡೆಯುತ್ತಿದೆ.

ಮುಂದಿನ ತೊಡಕು 87ಎ ರಿಬೇಟ್. ಆದಾಯ 12 ಲಕ್ಷದವರೆಗೆ ತೆರಿಗೆ ಸೊನ್ನೆ; ಅದನ್ನು ಸ್ವಲ್ಪ ದಾಟಿದವರಿಗೆ ಮಾರ್ಜಿನಲ್ ರಿಲೀಫ್ ಇದೆ. 12,10,000ಕ್ಕೆ ಸ್ಲ್ಯಾಬ್ ತೆರಿಗೆ 61,500 ಆದರೂ ಕಟ್ಟಬೇಕಾದದ್ದು ಹೆಚ್ಚುವರಿಯಾದ 10,000 ಮತ್ತು ಅದರ ಸೆಸ್ 400 ಮಾತ್ರ. ಈ ರಕ್ಷಣೆ 12,70,588ರ ಆಸುಪಾಸಿನಲ್ಲಿ ಮುಗಿಯುತ್ತದೆ. ಇದಕ್ಕೆ ಮತ್ತೊಂದು ಕೋಶ ಸಾಕು:

```
=IF(B2<=1200000,0,MIN(C2,B2-1200000))
```

ಸೆಸ್ 4% ಇದರ ನಂತರವೇ ಬರಬೇಕು. ಹತ್ತಿರದ ಹತ್ತು ರೂಪಾಯಿಗೆ ದುಂಡಾಗಿಸುವುದನ್ನು ಮೊದಲು ಆದಾಯದ ಮೇಲೆ, ಮತ್ತೆ ಕೊನೆಯ ತೆರಿಗೆಯ ಮೇಲೆ ಮಾತ್ರ ಮಾಡಬೇಕು. ನಡುವೆ ಮಾಡಿದರೆ ಅಂತಿಮ ಮೊತ್ತ ಹತ್ತು ರೂಪಾಯಿಯಷ್ಟು ಆಚೀಚೆಯಾಗಿ ಲೆಕ್ಕ ತಾಳೆ ನೋಡುವ ಹೊತ್ತಿನಲ್ಲಿ ಕಾಡುತ್ತದೆ. ಷೇರು ಮಾರಾಟದ ಲಾಭದಂಥ ವಿಶೇಷ ದರದ ಆದಾಯವನ್ನು B2ಗೆ ಸೇರಿಸಲೇಬಾರದು. 50 ಲಕ್ಷ ದಾಟಿದವರ ಸರ್ಚಾರ್ಜನ್ನು ನಾನು ಬೇರೆ ಹಾಳೆಯಲ್ಲೇ ನೋಡುತ್ತೇನೆ.

ಹಳೆಯ ಪದ್ಧತಿಗೂ ಪ್ರಯೋಗಿಸಿ ನೋಡಿದೆ. ಮಿತಿಗಳು 2.5, 5 ಮತ್ತು 10 ಲಕ್ಷ, ಏರಿಕೆಗಳು 5, 15 ಮತ್ತು 10 ಪರ್ಸೆಂಟ್. 80 ವರ್ಷ ತುಂಬಿದವರಿಗೆ 5 ಲಕ್ಷದಲ್ಲಿ 20, 10 ಲಕ್ಷದಲ್ಲಿ 10. ಸೂತ್ರದ ಒಂದಕ್ಷರವೂ ಬದಲಾಗಲಿಲ್ಲ. ಆದರೆ ಅಲ್ಲಿ 5 ಲಕ್ಷ ದಾಟಿದವರಿಗೆ ಮಾರ್ಜಿನಲ್ ರಿಲೀಫ್ ಇಲ್ಲವಾದ್ದರಿಂದ ಎರಡನೆಯ ಕೋಶವನ್ನು ನಕಲು ಮಾಡುವಂತಿಲ್ಲ.

ಇಂಥ ಹಾಳೆಯೊಂದನ್ನು ಸಿದ್ಧಪಡಿಸಿ ಕೊಡಲು ಕಾರ್ಖಾನೆಯವರಿಂದ ಸುಮಾರು 8,000 ತೆಗೆದುಕೊಳ್ಳುತ್ತೇನೆ. ಹಿಂದೆ ಪ್ರತಿ ಬಜೆಟ್ಟಿಗೆ ಒಂದು ವಾರ ಹಿಡಿಯುತ್ತಿದ್ದ ತಿದ್ದುಪಡಿ ಈಗ ಅರ್ಧ ಗಂಟೆಯ ಕೆಲಸ. ಕೈಗೆ ಸಿಗಬೇಕಾದ ಮೊತ್ತದಿಂದ ಒಟ್ಟು ಸಂಬಳಕ್ಕೆ ಹಿಮ್ಮುಖವಾಗಿ ಹೋಗುವ ಸೂತ್ರವೂ ಇದೇ ಪಟ್ಟಿಯಿಂದ ಹುಟ್ಟುತ್ತದೆ, ಅದನ್ನು ಮಾತ್ರ ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.