ಆಫ್‌ಲೈನ್ ಆರ್ಡರ್ ಕಾಣೆಯಾಗುತ್ತಿದ್ದುದು ಹೇಗೆ, ನಾವು ಸರಿ ಮಾಡಿದ್ದು ಹೇಗೆ

ಕಾಸರಗೋಡಿನ ಒಬ್ಬ ಹೋಲ್‌ಸೇಲ್ ವಿತರಕರ ಸೇಲ್ಸ್ ಆ್ಯಪ್ ನೋಡಿಕೊಳ್ಳುವ ಕೆಲಸ ನನ್ನದು. ಆ್ಯಪ್ ಕಟ್ಟಿದವರು ಬೇರೆಯವರು, ಅವರು ಬಿಟ್ಟ ಮೇಲೆ ನನ್ನ ಕೈಗೆ ಬಂತು. ಬಿಸ್ಕತ್ತು, ಸಾಬೂನು, ಚಹಾಪುಡಿ, ತೆಂಗಿನೆಣ್ಣೆ, ಇಂಥ ಸಾಮಾನು. ಸೇಲ್ಸ್ ಹುಡುಗರು ಬದಿಯಡ್ಕ, ಮುಳ್ಳೇರಿಯ, ಅಡೂರು, ದೇಲಂಪಾಡಿ ಕಡೆಯ ಅಂಗಡಿಗಳಿಗೆ ಬೈಕಿನಲ್ಲಿ ಹೋಗಿ ಆರ್ಡರ್ ತೆಗೆದುಕೊಳ್ಳುತ್ತಾರೆ, ಮರುದಿನ ವ್ಯಾನ್ ಮಾಲು ಹಾಕಿ ಬರುತ್ತದೆ. ಗಡಿ ಹತ್ತಿರ ಬಂದ ಹಾಗೆ ಗುಡ್ಡ ಜಾಸ್ತಿ, ಸಿಗ್ನಲ್ ಕಡಿಮೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಹಾಗಾಗಿ ಆರ್ಡರ್ ಮೊದಲು ಫೋನಿನಲ್ಲೇ ಸೇವ್ ಆಗಿ, ನೆಟ್ ಸಿಕ್ಕಾಗ ಸರ್ವರ್‌ಗೆ ಹೋಗುವುದು ಮೊದಲಿಂದಲೂ ಇತ್ತು.

ದೂರು ಬರುತ್ತಿದ್ದದ್ದು ಒಂದೇ ಥರ. "ಅಣ್ಣ, ನಾನು ಆರ್ಡರ್ ಹಾಕಿದ್ದೇನೆ, ಹಸಿರು ಟಿಕ್ ಕೂಡ ಬಿದ್ದಿತ್ತು." ಆಫೀಸಿನವರು ಹೇಳುವುದು, "ನಮಗೆ ಬಂದೇ ಇಲ್ಲ." ಫೋನ್ ತೆಗೆದು ನೋಡಿದರೆ ಅದರಲ್ಲೂ ಇಲ್ಲ. ಅಂಗಡಿಯವರು ಮಾತ್ರ "ನಾನು ಅವನ ಎದುರಿಗೇ ನಿಂತು ಬರೆಸಿದ್ದು ಮಾರಾಯ್ರೆ" ಅನ್ನುತ್ತಾರೆ. ಇದರಲ್ಲಿ ಬೈಗುಳ ತಿನ್ನುವವನು ಸೇಲ್ಸ್ ಹುಡುಗ, ಇನ್‌ಸೆಂಟಿವ್ ಕಡಿಮೆಯಾಗುವುದೂ ಅವನಿಗೇ. ನನಗೆ ಇದು ತುಂಬಾ ಕಾಡಿದ ವಿಷಯ, ಯಾಕೆಂದರೆ ಎಲ್ಲರೂ ನಿಜವನ್ನೇ ಹೇಳುತ್ತಿದ್ದರು.

ಸರ್ವರ್ ಕೋಡ್‌ನಲ್ಲಿ ಆರ್ಡರ್ ಸೇವ್ ಮಾಡುವ ಜಾಗ ಹೀಗಿತ್ತು. ಡೇಟಾಬೇಸ್ ಪೋಸ್ಟ್‌ಗ್ರೆಸ್.

```sql
INSERT INTO orders (shop_id, order_date, lines, updated_at)
VALUES ($1, $2, $3, $4)
ON CONFLICT (shop_id, order_date) DO UPDATE
SET lines = EXCLUDED.lines, updated_at = EXCLUDED.updated_at
WHERE EXCLUDED.updated_at > orders.updated_at;
```

ಒಂದು ಅಂಗಡಿಗೆ ಒಂದು ದಿನಕ್ಕೆ ಒಂದೇ ಆರ್ಡರ್. ಎರಡನೆಯದು ಬಂದರೆ ಯಾವುದರ ಸಮಯ ಹೊಸದೋ ಅದು ಉಳಿಯುತ್ತದೆ, ಇನ್ನೊಂದು ಹೋಗುತ್ತದೆ. ಇದೇ ಲಾಸ್ಟ್ ರೈಟ್ ವಿನ್ಸ್. ಒಬ್ಬನೇ ಬರೆಯುವ ಕಡೆ ಇದರಿಂದ ತೊಂದರೆ ಇಲ್ಲ. ಆದರೆ ನಮ್ಮಲ್ಲಿ ಒಂದೇ ಅಂಗಡಿಯ ಆರ್ಡರನ್ನು ಸೇಲ್ಸ್‌ನವನೂ ಬರೆಯುತ್ತಾನೆ, ಆಫೀಸಿನಲ್ಲಿ ಫೋನ್ ಎತ್ತುವವರೂ ಬರೆಯುತ್ತಾರೆ.

ಅಡೂರು ಕಡೆಯ ಒಂದು ಅಂಗಡಿಯ ದಿನ ತೆಗೆದುಕೊಳ್ಳೋಣ. ಬೆಳಿಗ್ಗೆ 10:40ಕ್ಕೆ ನಮ್ಮವನು 6 ಐಟಂ ಬರೆದುಕೊಂಡ. ನೆಟ್ ಇಲ್ಲ, ಫೋನಿನಲ್ಲಿ ಸೇವ್ ಆಯಿತು. ಮಧ್ಯಾಹ್ನ 12:15ಕ್ಕೆ ಅಂಗಡಿಯವರಿಗೆ ತೆಂಗಿನೆಣ್ಣೆ ಹೇಳಲು ಮರೆತದ್ದು ನೆನಪಾಗಿ ಆಫೀಸಿಗೆ ಫೋನ್ ಮಾಡಿದರು. ಆಫೀಸಿನ ಸ್ಕ್ರೀನಿನಲ್ಲಿ ಆ ಅಂಗಡಿಯ ಆರ್ಡರ್ ಕಾಣಲಿಲ್ಲ, ಕಾಣುವುದಾದರೂ ಹೇಗೆ, ಅದಿನ್ನೂ ಬೈಕಿನ ಮೇಲೆ ಸುತ್ತುತ್ತಿತ್ತು. ಅವರು ಹೊಸ ಆರ್ಡರ್ ಮಾಡಿ ಎಣ್ಣೆ 2 ಕೇಸ್ ಹಾಕಿದರು. ಸಂಜೆ ಹುಡುಗ ಮುಳ್ಳೇರಿಯ ತಲುಪಿದಾಗ ನೆಟ್ ಸಿಕ್ಕಿತು, ಅವನ ಆರ್ಡರ್ ಸರ್ವರ್‌ಗೆ ಹೋಯಿತು. 10:40, 12:15ಕ್ಕಿಂತ ಹಳೆಯದು. `WHERE` ಸುಳ್ಳಾಯಿತು. ಪೋಸ್ಟ್‌ಗ್ರೆಸ್ ಇದನ್ನು ಎರರ್ ಅಂತ ಹೇಳುವುದಿಲ್ಲ, ಯಾವ ಸಾಲೂ ಬದಲಾಗಲಿಲ್ಲ ಅಂತ `INSERT 0 0` ಕೊಟ್ಟು ಸುಮ್ಮನಾಗುತ್ತದೆ. ಆ ಸೊನ್ನೆಯನ್ನು ಸರ್ವರ್ ಕೋಡ್ ನೋಡುತ್ತಲೇ ಇರಲಿಲ್ಲ. ಎರರ್ ಬರಲಿಲ್ಲ ಅಂದರೆ 200, 200 ಬಂದರೆ ಫೋನಿನಲ್ಲಿ ಹಸಿರು ಟಿಕ್.

ಕೆಲಸ ಅಲ್ಲಿಗೇ ಮುಗಿದಿದ್ದರೆ ಫೋನಿನಲ್ಲಾದರೂ ಸಾಕ್ಷಿ ಉಳಿಯುತ್ತಿತ್ತು. ಕಳಿಸಿದ ತಕ್ಷಣ ಆ್ಯಪ್ ಸರ್ವರ್‌ನಲ್ಲಿರುವುದನ್ನು ಕೆಳಗೆ ತರುತ್ತದೆ. ಅಂಗಡಿ ಮತ್ತು ತಾರೀಕು ಒಂದೇ ಆದ್ದರಿಂದ 6 ಐಟಂ ಇದ್ದ ಜಾಗದಲ್ಲಿ ಎಣ್ಣೆ 2 ಕೇಸ್ ಬಂದು ಕೂತಿತು. ಮರುದಿನ ವ್ಯಾನಿನಲ್ಲಿ ಹೋದದ್ದು ಎಣ್ಣೆ ಮಾತ್ರ.

ಇದರ ಉಲ್ಟಾ ಕೂಡ ಆಗುತ್ತಿತ್ತು. `updated_at` ಬರುತ್ತಿದ್ದದ್ದು ಬರೆದವರ ಸಾಧನದ ಗಡಿಯಾರದಿಂದ. ಯಾವುದಾದರೂ ಫೋನಿನಲ್ಲಿ ಆಟೋಮ್ಯಾಟಿಕ್ ಟೈಮ್ ಆಫ್ ಆಗಿ ಗಡಿಯಾರ ಮುಂದಿದ್ದರೆ ಅವನದ್ದೇ ಗೆಲ್ಲುತ್ತದೆ, ಆಫೀಸಿನವರು ಸೇರಿಸಿದ್ದು ಹೋಗುತ್ತದೆ. ಹಾಗಾದರೆ ಸರ್ವರ್ ಸಮಯವನ್ನೇ ಹಾಕಿದರೆ ಆಯಿತಲ್ಲ ಅಂತ ಕೆಲವರು ಹೇಳಿದರು. ಅದರಿಂದ ಯಾರದ್ದು ಹೋಗುತ್ತದೆ ಅನ್ನುವುದು ಬದಲಾಗುತ್ತದೆ ಅಷ್ಟೆ, ಯಾರದ್ದೋ ಒಂದು ಹೋಗಿಯೇ ಹೋಗುತ್ತದೆ.

ನಾನು ಮೊದಲು ಈ ಲಾಜಿಕ್ ಮುಟ್ಟಲಿಲ್ಲ. ಸರ್ವರ್‌ನಲ್ಲಿ `sync_inbox` ಅಂತ ಒಂದು ಟೇಬಲ್ ಮಾಡಿ, ಫೋನಿನಿಂದ ಬಂದದ್ದನ್ನು ಬಂದ ಹಾಗೇ ಅದರಲ್ಲಿ ಬರೆದಿಟ್ಟು, ಆಮೇಲೆ ಹಳೆಯ ಕೋಡಿಗೆ ಕೊಟ್ಟೆ. ರಾತ್ರಿ ಒಂದು ಕ್ವೆರಿ ಓಡುತ್ತದೆ: ಇನ್‌ಬಾಕ್ಸ್‌ಗೆ ಬಂದ ಐಟಂಗಳಲ್ಲಿ `orders`ನಲ್ಲಿ ಇಲ್ಲದವು ಯಾವುವು? ಕೆಲವೇ ದಿನದಲ್ಲಿ ಹುಡುಗರು ಹೇಳುತ್ತಿದ್ದ ಅಂಗಡಿಗಳ ಹೆಸರು ಪಟ್ಟಿಯಲ್ಲಿ ಸಾಲಾಗಿ ಬಂದವು. ಇಂಥ ದೂರು ನಿಮ್ಮಲ್ಲೂ ಇದ್ದರೆ ಇಲ್ಲಿಂದಲೇ ಶುರು ಮಾಡಿ. ಏನನ್ನೂ ಒಡೆಯದೆ ಪುರಾವೆ ಸಿಗುತ್ತದೆ, ಕಾಣೆಯಾದ ಆರ್ಡರ್ ಅದೇ ರಾತ್ರಿ ವಾಪಸ್ ಹಾಕಲೂ ಆಗುತ್ತದೆ.

ಆಮೇಲೆ ಆರ್ಡರನ್ನು ಗುರುತಿಸುವ ರೀತಿ ಬದಲಾಯಿಸಿದೆ. ಸೇಲ್ಸ್‌ನವನು ಹೊಸ ಆರ್ಡರ್ ತೆರೆದ ಕ್ಷಣವೇ ಫೋನು ಅದಕ್ಕೊಂದು ಯುಯುಐಡಿ ಕೊಡುತ್ತದೆ. ಅಂಗಡಿ ಮತ್ತು ತಾರೀಕಿನ ಮೇಲಿದ್ದ ಯುನಿಕ್ ನಿಯಮ ತೆಗೆದೆ. ಒಂದೇ ಅಂಗಡಿಗೆ ಒಂದೇ ದಿನ ಎರಡು ಆರ್ಡರ್ ಬಂದರೆ ಅವು ಎರಡು ಆರ್ಡರೇ, ಬಿಲ್ಲಿಂಗ್‌ನಲ್ಲಿ ಸೇರಿಸಿಕೊಳ್ಳಬಹುದು. ಜನ ಓದುವ ಆರ್ಡರ್ ನಂಬರ್ ಮಾತ್ರ ಸರ್ವರ್ ಕೊಡುತ್ತದೆ, ಅಲ್ಲಿವರೆಗೆ ಫೋನಿನಲ್ಲಿ "ಕಳಿಸಬೇಕು" ಅಂತ ಇರುತ್ತದೆ. ಫೋನೇ ನಂಬರ್ ಎಣಿಸಿಕೊಂಡು ಹೋದರೆ ಎರಡು ಫೋನಿನಲ್ಲಿ ಒಂದೇ ನಂಬರ್ ಹುಟ್ಟಿ ಹಳೆಯ ಕಥೆಯೇ ಮತ್ತೆ ಶುರುವಾಗುತ್ತದೆ.

ಹೊಸ ಆರ್ಡರ್ ಸೇವ್ ಮಾಡುವುದು ಈಗ `ON CONFLICT (id) DO NOTHING`. ನೆಟ್ ಅರ್ಧಕ್ಕೆ ಕಟ್ ಆಗಿ ಫೋನ್ ಅದನ್ನೇ ಮತ್ತೆ ಕಳಿಸಿದರೂ ಎರಡಾಗುವುದಿಲ್ಲ. ಒಂದು ಎಚ್ಚರ ಬೇಕು: ಎರಡನೇ ಸಲ ಬಂದಾಗ `RETURNING` ಹಾಕಿದ್ದರೂ ಸಾಲು ವಾಪಸ್ ಬರುವುದಿಲ್ಲ. ಹಾಗಾಗಿ ಆ ಐಡಿಯನ್ನು ಮತ್ತೆ `SELECT` ಮಾಡಿ, ನಿಜಕ್ಕೂ ಟೇಬಲ್‌ನಲ್ಲಿ ಇರುವ ಐಟಂಗಳ ಐಡಿಗಳನ್ನೇ ಫೋನಿಗೆ ಉತ್ತರವಾಗಿ ಕೊಡುತ್ತೇವೆ. ಫೋನ್ ತಾನು ಕಳಿಸಿದ್ದಕ್ಕೂ ಉತ್ತರಕ್ಕೂ ಹೋಲಿಸಿ ನೋಡುತ್ತದೆ, ಎಲ್ಲವೂ ಇದ್ದರೆ ಮಾತ್ರ ಹಸಿರು ಟಿಕ್.

ಫೋನಿನಲ್ಲಿ ಕಳಿಸಬೇಕಾದದ್ದಕ್ಕೆ ಬೇರೆಯೇ ಟೇಬಲ್ ಮಾಡಿದೆ, ಔಟ್‌ಬಾಕ್ಸ್. ಸರ್ವರ್‌ನಿಂದ ಕೆಳಗೆ ಬರುವ ಡೇಟಾ ಅದನ್ನು ಮುಟ್ಟುವ ಹಾಗಿಲ್ಲ. ಆಂಡ್ರಾಯ್ಡ್‌ನಲ್ಲಿ ರೂಮ್ ಬಳಸುವವರು `OnConflictStrategy.REPLACE` ಎಲ್ಲೆಲ್ಲಿದೆ ಅಂತ ಒಮ್ಮೆ ಹುಡುಕಿ ನೋಡಿ. ಎಸ್‌ಕ್ಯೂಲೈಟ್‌ನಲ್ಲಿ ರಿಪ್ಲೇಸ್ ಅಂದರೆ ಹಳೆಯ ಸಾಲು ಅಳಿಸಿ ಹೊಸದು ಹಾಕುವುದು. ಆರ್ಡರ್ ಸಾಲಿಗೆ ಐಟಂಗಳು `ON DELETE CASCADE`ನಿಂದ ಕಟ್ಟಿಕೊಂಡಿದ್ದರೆ ಆರ್ಡರಿನ ಹೆಸರು ಉಳಿದು ಅದರ ಐಟಂಗಳೆಲ್ಲ ಅಳಿಸಿಹೋಗುತ್ತವೆ. ನಮ್ಮ ಕೋಡ್‌ನಲ್ಲೂ ಇದು ಇತ್ತು, ಅಲ್ಲೆಲ್ಲ `@Upsert` ಹಾಕಿದೆ.

ಹೆಚ್ಚು ತಲೆ ತಿಂದದ್ದು ತಿದ್ದುಪಡಿ. ಸರ್ವರ್‌ಗೆ ಹೋದ ಆರ್ಡರಿನಲ್ಲಿ ಸಾಬೂನು 3 ಕೇಸ್ ಇದೆ. ಆಫೀಸಿನವರು ಅದನ್ನು 5 ಮಾಡುತ್ತಾರೆ, ನೆಟ್ ಇಲ್ಲದ ಕಡೆ ಹುಡುಗ 2 ಮಾಡುತ್ತಾನೆ. ಮೊದಲು ಪೂರ್ತಿ ಆರ್ಡರ್ ಕಳಿಸುವುದನ್ನು ಬಿಟ್ಟು, ಬದಲಾದ ಐಟಂ ಮಾತ್ರ ಕಳಿಸುವ ಹಾಗೆ ಮಾಡಿದೆ. ಇದರಿಂದಲೇ ಹೆಚ್ಚಿನ ಜಗಳ ಹೋಯಿತು, ಒಬ್ಬ ಬಿಸ್ಕತ್ತು ತಿದ್ದಿದರೆ ಇನ್ನೊಬ್ಬನ ಎಣ್ಣೆಗೆ ಏನೂ ಆಗುವುದಿಲ್ಲ. ಒಂದೇ ಐಟಂ ಇಬ್ಬರೂ ಮುಟ್ಟಿದರೆ ವರ್ಶನ್ ನೋಡುತ್ತೇವೆ:

```sql
UPDATE order_lines
SET qty = $1, version = version + 1
WHERE id = $2 AND version = $3;
```

`$3` ಅಂದರೆ ಹುಡುಗ ತಿದ್ದುವಾಗ ಫೋನಿನಲ್ಲಿ ನೋಡಿದ ವರ್ಶನ್. ಈ ಸಲ ಸೊನ್ನೆ ಸಾಲು ಬಂದರೆ ಕೋಡ್ ಅದನ್ನು ಗಮನಿಸುತ್ತದೆ, ಫೋನಿಗೆ 409 ಹೋಗುತ್ತದೆ, ಎರಡು ಸಂಖ್ಯೆಗಳೂ ಆಫೀಸಿನ ಸ್ಕ್ರೀನಿನಲ್ಲಿ ಯಾರು ಹಾಕಿದ್ದು ಅನ್ನುವುದರ ಜೊತೆ ಬರುತ್ತವೆ. ಅವರು ಅಂಗಡಿಗೆ ಫೋನ್ ಮಾಡಿ ಕೇಳುತ್ತಾರೆ. 2 ಸರಿಯೋ 5 ಸರಿಯೋ ಅನ್ನುವುದು ಗೊತ್ತಿರುವುದು ಅಂಗಡಿಯವರಿಗೆ ಮಾತ್ರ, ಯಾವ ಗಡಿಯಾರಕ್ಕೂ ಗೊತ್ತಿಲ್ಲ. ಬಿಲ್ ಆದ ಮೇಲೆ ತಡವಾಗಿ ಬಂದ ತಿದ್ದುಪಡಿಯೂ ಇದೇ ಸ್ಕ್ರೀನಿಗೆ ಹೋಗುತ್ತದೆ.

ಇದರಲ್ಲಿ ಒಂದು ಸೂಕ್ಷ್ಮ ಉಂಟು. ತಿದ್ದುಪಡಿ ಸರ್ವರ್‌ನಲ್ಲಿ ಆಯಿತು, ಉತ್ತರ ಬರುವ ಮೊದಲು ನೆಟ್ ಹೋಯಿತು ಅಂದುಕೊಳ್ಳಿ. ಫೋನ್ ಹಳೆಯ ವರ್ಶನ್ ಹಿಡಿದು ಮತ್ತೆ ಕಳಿಸುತ್ತದೆ, ಆಗ ಅದು ತನ್ನ ಜೊತೆ ತಾನೇ ಕಾನ್‌ಫ್ಲಿಕ್ಟ್ ಆಗುತ್ತದೆ. ಇಂಥ ಸುಳ್ಳು ಕಾನ್‌ಫ್ಲಿಕ್ಟ್ ಜಾಸ್ತಿಯಾದರೆ ಆಫೀಸಿನವರು ಆ ಸ್ಕ್ರೀನ್ ನೋಡುವುದನ್ನೇ ಬಿಡುತ್ತಾರೆ. ಅದಕ್ಕೆ ಪ್ರತಿ ತಿದ್ದುಪಡಿಗೂ ಅದರದ್ದೇ ಐಡಿ ಕೊಟ್ಟು, ಆ ಐಡಿಯನ್ನು ತಿದ್ದುಪಡಿಯ ಜೊತೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆದಿಡುತ್ತೇವೆ. ಅದೇ ಐಡಿ ಮತ್ತೆ ಬಂದರೆ ಹಿಂದಿನ ಉತ್ತರವನ್ನೇ ಕೊಡುತ್ತೇವೆ. ಇನ್ನು ಆಫ್‌ಲೈನ್‌ನಲ್ಲಿ ಒಂದೇ ಐಟಂ ಎರಡು ಮೂರು ಸಲ ತಿದ್ದಿದರೆ, ಇನ್ನೂ ಒಮ್ಮೆಯೂ ಕಳಿಸದೇ ಇದ್ದಾಗ ಮಾತ್ರ, ಔಟ್‌ಬಾಕ್ಸ್‌ನಲ್ಲಿ ಅದನ್ನು ಒಂದೇ ತಿದ್ದುಪಡಿಯಾಗಿ ಮಡಚುತ್ತೇವೆ.

ಅಂಗಡಿಯ ಫೋನ್ ನಂಬರ್, ವಿಳಾಸ ಇಂಥದ್ದಕ್ಕೆ ಈಗಲೂ ಲಾಸ್ಟ್ ರೈಟ್ ವಿನ್ಸ್ ಇದೆ. ಅಲ್ಲಿ ಹೊಸದೇ ಸರಿ ಇರುತ್ತದೆ, ಹಳೆಯದು ಹಿಸ್ಟರಿಯಲ್ಲಿ ಸಿಗುತ್ತದೆ. ರೇಟ್ ಮತ್ತು ಸ್ಟಾಕ್ ಫೋನಿನಿಂದ ಬದಲಾಯಿಸಲು ಆಗುವುದೇ ಇಲ್ಲ.

ಹಳೆಯ ಆ್ಯಪ್ ಎಲ್ಲ ಫೋನಿನಿಂದ ಒಂದೇ ದಿನ ಹೋಗಲಿಲ್ಲ. ಅದಕ್ಕೆ ಹಳೆಯ ಎಪಿಐ ಉಳಿಸಿಕೊಂಡೆ, ಆದರೆ ಅದರಿಂದ ಬಂದದ್ದು ಇರುವ ಆರ್ಡರಿಗಿಂತ ಬೇರೆ ಇದ್ದರೆ ಮೇಲೆ ಬರೆಯದೆ ಅದೇ ಕಾನ್‌ಫ್ಲಿಕ್ಟ್ ಸ್ಕ್ರೀನಿಗೆ ಕಳಿಸಿದೆ.

ಹೊಸ ವ್ಯವಸ್ಥೆಯಲ್ಲಿ ಹೊಸ ತೊಂದರೆಯೂ ಬಂತು. ಅಂಗಡಿಯವರು ಹುಡುಗನಿಗೆ ಹೇಳಿದ್ದನ್ನೇ ಆಫೀಸಿಗೂ ಫೋನ್ ಮಾಡಿ ಹೇಳಿದರೆ ಈಗ ಎರಡು ಆರ್ಡರ್ ನಿಲ್ಲುತ್ತವೆ, ವ್ಯಾನಿನಲ್ಲಿ ಮಾಲು ಡಬಲ್ ಹೋಗಬಹುದು. ಒಂದೇ ಅಂಗಡಿ, ಒಂದೇ ದಿನ, ಒಂದೇ ಐಟಂ ಎರಡು ಆರ್ಡರಿನಲ್ಲಿದ್ದರೆ ಬಿಲ್ಲಿಂಗ್ ಸ್ಕ್ರೀನ್ ಕೆಂಪು ಮಾಡಿ ತೋರಿಸುತ್ತದೆ, ತಾನಾಗಿ ಏನೂ ಅಳಿಸುವುದಿಲ್ಲ. ಡಬಲ್ ಆದದ್ದು ಕಣ್ಣಿಗೆ ಕಾಣುತ್ತದೆ, ಕಾಣೆಯಾದದ್ದು ಕಾಣುವುದಿಲ್ಲ, ಆದ್ದರಿಂದ ಈ ತೊಂದರೆ ನನಗೆ ಒಪ್ಪಿಗೆ.

ಕಳಿಸುವ ಮೊದಲೇ ಫೋನ್ ನೀರಿಗೆ ಬಿದ್ದರೆ, ಅಥವಾ ಯಾರಾದರೂ ಆ್ಯಪ್ ಡೇಟಾ ಕ್ಲಿಯರ್ ಮಾಡಿದರೆ ಆ ಆರ್ಡರ್ ಹೋದ ಹಾಗೆಯೇ. ಔಟ್‌ಬಾಕ್ಸ್‌ನಲ್ಲಿ ಏನಾದರೂ ಇರುವವರೆಗೆ ಲಾಗೌಟ್ ಬಟನ್ ಕೆಲಸ ಮಾಡದ ಹಾಗೆ ಮಾಡಿದ್ದೇನೆ. ಎಷ್ಟು ಆರ್ಡರ್ ಬಾಕಿ ಇದೆ ಅನ್ನುವುದು ಆ್ಯಪ್‌ನ ಮೊದಲ ಪುಟದಲ್ಲೇ ದೊಡ್ಡದಾಗಿ ಕಾಣುತ್ತದೆ, ಈಗ ಹುಡುಗರು ಮುಳ್ಳೇರಿಯದಲ್ಲಿ ಬೈಕ್ ನಿಲ್ಲಿಸಿ ಅದು ಸೊನ್ನೆ ಆದ ಮೇಲೆಯೇ ಮುಂದೆ ಹೋಗುತ್ತಾರೆ.