ಮಗ ಸಣಕಲ ಅದಾನ ಅಂತ ಟಾನಿಕ್ ತರೂಕಿಂತ ಮೊದ್ಲ ಗ್ವಾಡಿಗೆ ನಿಲ್ಲಿಸಿ ಎತ್ತರ ಬರ್ಕೊಳ್ರಿ

ಒಂಬತ್ತನೇತ್ತ, ಹತ್ತನೇತ್ತಕ್ಕ ಬಂದ ಮ್ಯಾಲ ಕ್ಲಾಸಿನಾಗ ಅರ್ಧ ಹುಡುಗ್ರಿಗೆ ಮೀಸಿ ಬಂದು ದನಿ ಒಡದಿರ್ತೈತಿ, ನಮ್ಮ ಹುಡುಗ ಮಾತ್ರ ಇನ್ನೂ ಏಳನೇತ್ತದಾಂವನಂಗ ಕಾಣ್ತಾನ, ಪಕ್ಕಡಿ ಎಲುಬು ಎಣಿಸಬೌದು. ಲಗ್ನಕ್ಕ ಹೋದ್ರ ಒಬ್ರರ ಕೇಳೇ ಕೇಳ್ತಾರ, "ಯಾಕ್ರೀ, ಮನ್ಯಾಗ ಊಟಾ ಹಾಕೂದಿಲ್ಲೇನ್?" ಅಂತ. ತಾಯಿ ಮಾರಿ ಸಣ್ಣದಾಗ್ತೈತಿ, ಮರುದಿನ ಮೆಡಿಕಲ್ ಶಾಪಿಂದ ಒಂದು ಡಬ್ಬಿ ಪೌಡರ್ ಮನಿಗೆ ಬರ್ತೈತಿ.

ಇಂಥಾ ಹುಡುಗ್ರಾಗ ಭಾಳ ಮಂದಿಗೆ ರೋಗ ಇರೂದಿಲ್ಲ, ಅವರ ದೇಹದ ಗಡಿಯಾರ ಒಂದೆರಡು ವರ್ಷ ಹಿಂದ ಓಡ್ತಿರ್ತೈತಿ ಅಷ್ಟ. ಆದ್ರ ಕೆಲವ್ರಿಗೆ ಖರೇನ ಏನೋ ಆಗಿರ್ತೈತಿ, ಅದು ಥೈರಾಯ್ಡ್ ಇರಬೌದು, ಕರಳಿನ ತ್ರಾಸ್ ಇರಬೌದು, ಟಿಬಿ ಇರಬೌದು. ಬರೇ ಕಣ್ಣಿಂದ ನೋಡಿದ್ರ ಇಬ್ರೂ ಒಂದಽ ಥರಾ ಕಾಣ್ತಾರ. ಫರಕು ಗೊತ್ತಾಗೂದು ವರ್ಷಕ್ಕ ಎಷ್ಟು ಬೆಳದಾನ ಅನ್ನೂದ್ರಾಗ, ಅದನ್ನ ಮನ್ಯಾಗ ನೀವಽ ತೆಗೀಬೌದು.

ಮೊದ್ಲ ಸರಿಯಾಗಿ ಅಳೀರಿ

ಚಪ್ಪಲಿ ಸಾಕ್ಸ್ ಎರಡೂ ತಗಸ್ರಿ. ಕೆಳಗ ಟೈಲ್ಸ್ ಪಟ್ಟಿ ಉಬ್ಬಿ ಬಂದಿರಲಾರದ ಗ್ವಾಡಿ ಹುಡುಕ್ರಿ, ಪಟ್ಟಿ ಇದ್ರ ಹಿಮ್ಮಡ ಗ್ವಾಡಿಗೆ ಹತ್ತೂದಿಲ್ಲ, ಲೆಕ್ಕ ತಪ್ಪತೈತಿ. ಹಿಮ್ಮಡ, ಕುಂಡಿ, ಬೆನ್ನು ಗ್ವಾಡಿಗೆ ತಾಗಿರಬೇಕು, ಗದ್ದ ಮ್ಯಾಲ ಎತ್ತಿರಬಾರದು, ನೆಟ್ಟಗ ಎದುರಿಗೆ ನೋಡ್ಲಿ. ತಲಿ ಮ್ಯಾಲ ದಪ್ಪ ರಟ್ಟಿನ ಪುಸ್ತಕಾ ಇಟ್ಟು, ಅದರ ಒಂದು ಅಂಚು ಗ್ವಾಡಿಗೆ ಪೂರ್ತಿ ಅಂಟಿಸಿ, ಕೂದಲಾ ಸ್ವಲ್ಪ ಒತ್ತಿ ಪೆನ್ಸಿಲ್ಲಿಂದ ಗುರುತು ಹಾಕ್ರಿ, ಆಮ್ಯಾಲ ಬಡಿಗ್ಯಾರು ಬಳಸೂ ಸ್ಟೀಲ್ ಟೇಪ್ ಹಿಡದು ನೆಲದಿಂದ ಅಳೀರಿ. ಟೇಲರ್ ಬಟ್ಟಿ ಟೇಪ್ ಬ್ಯಾಡ, ಅದು ಜಗ್ಗತೈತಿ. ಎರಡು ಸಲ ಅಳದು ಸರಾಸರಿ ತಗೋರಿ. ಯಾವಾಗ್ಲೂ ಮುಂಜಾನೆ ಹೊತ್ತಿಗೇ ಅಳೀರಿ, ಯಾಕಂದ್ರ ಸಂಜೀತನಾ ಓಡಾಡಿ ಕುಂತು ಬೆನ್ನೆಲುಬಿನ ನಡುವಿನ ಗಾದಿ ಒತ್ತಾಗಿ ಸುಮಾರು ಒಂದು ಸೆಂಟಿಮೀಟರ್ ಕಡಿಮಿ ಬರಬೌದು.

ತೂಕ ಮುಂಜಾನೆ ಕಕ್ಕಸಕ್ಕ ಹೋಗಿ ಬಂದ ಮ್ಯಾಲ, ಖಾಲಿ ಹೊಟ್ಟಿಲೆ, ಹಗರ ಬಟ್ಟಿ ಮ್ಯಾಲ, ಪ್ರತಿಸಲ ಅದಽ ಕಾಟಾದ ಮ್ಯಾಲ ನೋಡ್ರಿ. ವಾರವಾರ ಬ್ಯಾಡ್ರಿ. ಮನ್ಯಾಗ ಅಳತಿ ಅರ್ಧ ಸೆಂಟಿಮೀಟರ್ ಹೆಚ್ಚೂಕಡಿಮಿ ಆಗೂದು ಸಹಜ, ಒಂದು ತಿಂಗಳಾಗ ಹುಡುಗ ಬೆಳಿಯೂದೂ ಅಷ್ಟಽ, ಹಂಗಾಗಿ ತಿಂಗಳ ಲೆಕ್ಕಕ್ಕ ಅರ್ಥಾನಽ ಇಲ್ಲ. ಮೂರು ತಿಂಗಳಿಗೊಮ್ಮೆ ಬರೀರಿ, ತೀರ್ಮಾನ ಮಾತ್ರ ಆರು ತಿಂಗಳು ಇಲ್ಲಾ ವರ್ಷದ ಅಂತರ ನೋಡಿ ಮಾಡ್ರಿ. ಹಳೇ ಅಳತಿ ಬೇಕಂದ್ರ ಸಾಲಿ ಹೆಲ್ತ್ ಚೆಕಪ್ ಕಾರ್ಡಿನಾಗ ಹುಡುಕ್ರಿ, ಭಾಳ ಮಂದಿ ಅದನ್ನ ಟ್ರಂಕಿನಾಗ ಹಾಕಿ ಮರತಿರ್ತಾರ.

ವರ್ಷಕ್ಕ ಎಷ್ಟು ಬೆಳದಾನ

ಹರೆ ಶುರುವಾಗೂಕಿಂತ ಮೊದ್ಲ ಆರಾಮ ಇರೂ ಹುಡುಗ ವರ್ಷಕ್ಕ 4ರಿಂದ 6 ಸೆಂಟಿಮೀಟರ್ ಬೆಳೀತಾನ. ಹರೆಯ ಜೋರು ಬಂದಾಗ ಹುಡುಗ್ರು ವರ್ಷಕ್ಕ 9–10, ಹುಡುಗ್ಯಾರು 8ರ ಆಸುಪಾಸು ಬೆಳೀತಾರ. ತಡಾ ಬೆಳಿಯೂ ಹುಡುಗ ಈ ಜೋರು ಬರೂತನಾ ಮೊದಲಿನ ವೇಗದಾಗ, ಅಂದ್ರ ವರ್ಷಕ್ಕ ನಾಕೈದು ಸೆಂಟಿಮೀಟರ್, ಬಿಡಲಾರದ ಬೆಳೀತನಽ ಇರ್ತಾನ. ಜೋಡಿದಾರ್ರು ಜಿಗದು ಮುಂದ ಹೋದಾಗ ಇಂವ ನಿಂತಾನ ಅಂತ ಅನಸ್ತೈತಿ, ಖರೇ ಅಂದ್ರ ನಿಂತಿರೂದಿಲ್ಲ. ವರ್ಷಕ್ಕ 4 ಸೆಂಟಿಮೀಟರಿಗಿಂತ ಕಡಿಮಿ ಬೆಳದ್ರ ಮಾತ್ರ ಅದು ನಿಂತಂಗ, ಅವಾಗ ಡಾಕ್ಟರ್ ಬೇಕು.

ಇನ್ನೊಂದು ಸೂಕ್ಷ್ಮ ಐತಿ. ಊಟ ಸಾಲಲಿಲ್ಲ, ಇಲ್ಲಾ ಕರಳು ಊಟಾ ಹೀರಲಿಲ್ಲ ಅಂದ್ರ ಮೊದ್ಲ ತೂಕ ಕುಗ್ಗತೈತಿ, ಆಮ್ಯಾಲ ಎತ್ತರ ನಿಧಾನ ಆಗ್ತೈತಿ. ಥೈರಾಯ್ಡ್ ಕಡಿಮಿ ಆದ್ರ, ಬೆಳವಣಿಗಿ ಹಾರ್ಮೋನ್ ಕಡಿಮಿ ಆದ್ರ ಉಲ್ಟಾ, ಎತ್ತರ ನಿಲ್ಲತೈತಿ, ಮೈ ಮಾತ್ರ ಗುಂಡಗ ಇರ್ತೈತಿ. ಅದಕ್ಕ ಎರಡೂ ಅಂಕಿ ಜೋಡಿ ಬರೀರಿ ಅನ್ನೂದು.

ಒಬ್ಬ ಹುಡುಗನ ಲೆಕ್ಕಾ ಹಾಕಿ ನೋಡೂಣು

ಹಾವೇರಿ ಕಡೆ ಒಬ್ಬ ಹುಡುಗ ಅನ್ಕೊಳ್ರಿ, 14 ತುಂಬೈತಿ, ಎತ್ತರ 146 ಸೆಂಟಿಮೀಟರ್, ತೂಕ 31.5 ಕೆಜಿ. ತೂಕವನ್ನ ಮೀಟರಿನ್ಯಾಗಿನ ಎತ್ತರದಿಂದ ಎರಡು ಸಲ ಭಾಗಿಸಿದ್ರ ಬಿಎಂಐ ಬರ್ತೈತಿ: 31.5 ಭಾಗಿಸು 1.46, ಬಂದದ್ದನ್ನ ಮತ್ತ 1.46ರಿಂದ ಭಾಗಿಸು, 14.8 ಆತು. ದೊಡ್ಡವರಿಗೆ ಹೇಳೂ 18.5 ಅನ್ನೂ ಗೆರಿ ಇಲ್ಲಿ ನಡಿಯೂದಿಲ್ಲ, ಮಕ್ಕಳಿಗೆ ವಯಸ್ಸಿನ ಪ್ರಕಾರ ಬ್ಯಾರೆ ಪಟ್ಟಿ ಐತಿ. ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಪ್ರಕಾರ 14 ವರ್ಷದ ಹುಡುಗನಿಗೆ 15.5ರ ಕೆಳಗ ಹೋದ್ರ ಸಣಕಲ, 14.3ರ ಕೆಳಗ ಹೋದ್ರ ತೀರಾ ಸಣಕಲ. ಹಂಗಾದ್ರ ಈ ಹುಡುಗ ಸಣಕಲ ಅಂತ ಬಂತು. ಮಂದಿ ಇಲ್ಲಿಗೇ ನಿಲ್ಲಿಸಿ ಗಾಬರಿ ಆಗ್ತಾರ.

ಹೋದ ವರ್ಷದ ಸಾಲಿ ಕಾರ್ಡ್ ತಗದು ನೋಡಿದ್ರ 141 ಸೆಂಟಿಮೀಟರ್, 28.5 ಕೆಜಿ ಇತ್ತು. ಅಂದ್ರ ವರ್ಷದಾಗ 5 ಸೆಂಟಿಮೀಟರ್ ಎತ್ತರ, 3 ಕೆಜಿ ತೂಕ ಏರೈತಿ. ಹರೆ ಬರಲಾರದ ಹುಡುಗನಿಗೆ ಇದು ಪೂರ್ತಿ ಸರಿಯಾದ ವೇಗ. ಅವರಪ್ಪನ್ನ ಕೇಳಿದ್ರ, "ನಾನೂ ಎಸ್ಸೆಲ್ಸಿ ತನಾ ಲೈನಿನ್ಯಾಗ ಮೊದ್ಲನೇದಾಂವಽ ರೀ, ಪಿಯುಸಿಯೊಳಗ ಒಮ್ಮೆಲೇ ಬೆಳದೆ" ಅಂತಾನ. ಇದು ದೊಡ್ಡ ಸುಳಿವು, ತಡಾ ಬೆಳಿಯೂದು ಬಹಳಷ್ಟು ಮನಿತನದಾಗ ರಕ್ತದಾಗಽ ಬಂದಿರ್ತೈತಿ. ತಾಯಿಗೆ ಮುಟ್ಟು ತಡಾ ಶುರುವಾಗಿತ್ತೇನು ಅನ್ನೂದೂ ಕೇಳ್ರಿ.

ಡಾಕ್ಟರ್ ಎಡಗೈ ಮಣಿಕಟ್ಟಿಂದ ಒಂದು ಎಕ್ಸ್‌ರೇ ತಗಸ್ತಾರ, ಅದರಾಗ ಎಲುಬಿನ ವಯಸ್ಸು ಗೊತ್ತಾಗ್ತೈತಿ. ಈ ಹುಡುಗನ ಎಲುಬು 12 ವರ್ಷದ್ದು ಅಂತ ಬಂತು ಅನ್ಕೊಳ್ರಿ. ಈಗ ಪಟ್ಟಿಯೊಳಗ 12ರ ಸಾಲು ನೋಡ್ರಿ, ಅಲ್ಲಿ ಸಣಕಲ ಅನ್ನೂ ಗೆರಿ 14.5, ನಮ್ಮ ಹುಡುಗ 14.8, ಗೆರಿ ಮ್ಯಾಲ ಅದಾನ. 146 ಸೆಂಟಿಮೀಟರ್ ಎತ್ತರಾನೂ 12 ವರ್ಷದಾಂವಗ ಸಾಧಾರಣ ಎತ್ತರನಽ. ಬರ್ತ್ ಸರ್ಟಿಫಿಕೇಟ್ ಪ್ರಕಾರ ನೋಡಿದ್ರ ಸಣಕಲ, ಎಲುಬಿನ ಪ್ರಕಾರ ನೋಡಿದ್ರ ಆರಾಮ.

ಆದ್ರ ಎಲುಬು ಹಿಂದ ಐತಿ ಅಂದಾಕ್ಷಣ ಎಲ್ಲಾ ಸರಿ ಅಂತ ತಿಳಕೋಬ್ಯಾಡ್ರಿ. ಊಟದ ಕೊರತಿ, ಥೈರಾಯ್ಡ್, ಗೋದಿ ಒಗ್ಗಲಾರದ ಸೀಲಿಯಾಕ್ ರೋಗ, ಇವುಗಳಾಗೂ ಎಲುಬಿನ ವಯಸ್ಸು ಹಿಂದ ಬೀಳತೈತಿ, ಹರೆನೂ ತಡಾ ಆಗ್ತೈತಿ. ಎಕ್ಸ್‌ರೇ ಜೊತಿಗೆ ವೇಗ ಸರಿ ಇರಬೇಕು, ಹಸಿವು ಇರಬೇಕು, ಆಟಾ ಆಡೂ ಶಕ್ತಿ ಇರಬೇಕು, ರಕ್ತದ ಪರೀಕ್ಷಾ ಸರಿ ಬರಬೇಕು, ಅವಾಗ ಮಾತ್ರ ತಡಾ ಬೆಳಿಯೂ ಹುಡುಗ ಅನ್ನಬೌದು.

ಹರೆ ಶುರುವಾಗೈತೋ ಇಲ್ಲೋ

ಹುಡುಗ್ರಿಗೆ ಮೊದಲ ಗುರುತು ಮೀಸಿ ಅಲ್ಲ, ದನಿ ಅಲ್ಲ, ವೃಷಣ ದೊಡ್ಡವಾಗೂದು. ಡಾಕ್ಟರ್ ಹತ್ರ ಬ್ಯಾರೆ ಬ್ಯಾರೆ ಗಾತ್ರದ ಮಣಿ ಪೋಣಿಸಿದ ಸರ ಇರ್ತೈತಿ, ಅದಕ್ಕ ಹೋಲಿಸಿ ನೋಡ್ತಾರ, 4 ಎಂಎಲ್ ಆತು ಅಂದ್ರ ಹರೆ ಶುರು. ಎತ್ತರದ ಜಿಗಿತ ಅದರ ಬೆನ್ನಿಗೇ ಬರೂದಿಲ್ಲ, ಒಂದೂವರಿ ಎರಡು ವರ್ಷ ಹಿಡೀತೈತಿ. ಮನ್ಯಾಗ ಕಾಣೂ ಸುಳಿವು ಅಂದ್ರ ಚಪ್ಪಲಿ ನಂಬರ್, ಮೊದ್ಲ ಪಾದ ಕೈ ಬೆಳೀತಾವ, ಆಮ್ಯಾಲ ಕಾಲು ಉದ್ದ ಆಗ್ತಾವ, ಕಡೀಕ ಎದಿ ಬೆನ್ನು ತುಂಬತಾವ. ಅದಕ್ಕಽ ಜಿಗಿತದ ವರ್ಷ ಹುಡುಗ ಇನ್ನೂ ಬಡಕಲ ಕಾಣ್ತಾನ, ಪ್ಯಾಂಟ್ ಮೊಣಕಾಲ ಕಡೆ ಏರಿರ್ತೈತಿ, ಎದಿ ಮಾತ್ರ ಚಪ್ಪಟಿ. ಆ ವರ್ಷ ಎತ್ತರ ಜೋರ್ ಏರಿ ತೂಕಾನೂ ಏರ್ತಿದ್ರ ತಲಿ ಕೆಡಿಸ್ಕೋಬ್ಯಾಡ್ರಿ.

14 ತುಂಬಿದ್ರೂ ಈ ಗುರುತು ಇಲ್ಲಂದ್ರ ತೋರಸ್ರಿ. ಹುಡುಗ್ಯಾರಿಗೆ 13 ತುಂಬಿದ್ರೂ ಎದಿ ಬೆಳವಣಿಗಿ ಶುರುವಾಗಿಲ್ಲ, 15 ತುಂಬಿದ್ರೂ ಮುಟ್ಟಾಗಿಲ್ಲ ಅಂದ್ರ ತೋರಸ್ರಿ. ಹುಡುಗ್ಯಾರ ವಿಷಯದಾಗ ಇನ್ನೊಂದು ಮಾತು: ಅವರ ಜಿಗಿತ ಮುಟ್ಟು ಬರೂಕಿಂತ ಮೊದ್ಲಽ ಬಂದು ಹೋಗಿರ್ತೈತಿ, ಎರಡು ವರ್ಷದಿಂದ ಮುಟ್ಟಾಗ್ತಿರೂ ಸಣಕಲ ಹುಡುಗಿಗೆ "ಮುಂದ ಬೆಳೀತಾಳ ತಗೋ" ಅಂತ ಕಾಯೂದು ತಪ್ಪು. ಮೀಸಿ ಬಂದು ದನಿ ಒಡದು 17 ಆದ ಸಣಕಲ ಹುಡುಗಗೂ ಇದಽ ಮಾತು.

ಇವು ಕಂಡ್ರ ಕಾಯಬ್ಯಾಡ್ರಿ

ಬೆಳಿಯೂ ವಯಸ್ಸಿನ್ಯಾಗ ತೂಕ ಇಳಿಯೂದು ಎಂದೂ ಸಹಜ ಅಲ್ಲ. ನಿಧಾನ ಏರಬೌದು, ಇಳೀಬಾರದು. ಬೆಲ್ಟಿಗೆ ಹೊಸಾ ತೂತು ಹಾಕಬೇಕಾತು ಅಂದ್ರ ಅದು ಲಕ್ಷಣನಽ. ಎರಡು ವಾರ ದಾಟಿದ ಕೆಮ್ಮು, ಸಂಜೀಕ ಜ್ವರ, ರಾತ್ರಿ ಬೆವರು ಇದ್ರ ಟಿಬಿ ನೋಡಬೇಕು, ಸರಕಾರಿ ದವಾಖಾನ್ಯಾಗ ಪುಗಸಟ್ಟೆ ಪರೀಕ್ಷಾ ಆಗ್ತೈತಿ. ತಿಂಗಳಗಟ್ಲೆ ಭೇದಿ, ಹೊಟ್ಟಿನೋವು, ರಕ್ತ ಕಡಿಮಿ ಅಂದ್ರ ಕರಳು ನೋಡಬೇಕು. ಎದಿ ಡವಡವ, ಕೈ ನಡುಗೂದು, ತಿಂದ್ರೂ ಇಳಿಯೂದು ಥೈರಾಯ್ಡ್ ಹೆಚ್ಚಾದ ಗುರುತು. ಭಾಳ ನೀರಡಿಕಿ, ರಾತ್ರಿ ಎದ್ದೆದ್ದು ಮೂತ್ರ, ಜೊತಿಗೆ ತೂಕ ಇಳಿದ್ರ ಸಕ್ಕರಿ ಕಾಯಿಲೆ ಇರಬೌದು, ಅವತ್ತಽ ಸಕ್ಕರಿ ನೋಡಸ್ರಿ, ವಾಂತಿ, ಜೋರ್ ಉಸಿರು ಶುರುವಾದ್ರ ರಾತ್ರಿ ಆಗಿದ್ರೂ ದವಾಖಾನಿಗೆ ಓಡ್ರಿ. ಮತ್ತ ಊಟಾ ಮುಚ್ಚಿಡೂದು, ದಪ್ಪ ಆಗ್ತೀನಿ ಅಂತ ಅಂಜೂದು, ಬರ್ತಿದ್ದ ಮುಟ್ಟು ನಿಲ್ಲೂದು ಕಂಡ್ರ ಬೈಬ್ಯಾಡ್ರಿ, ಅದೂ ಚಿಕಿತ್ಸಾ ಬೇಕಾದ ಕಾಯಿಲೇನಽ.

ಊಟ, ಟಾನಿಕ್, ಜಿಮ್

ತಡಾ ಬೆಳಿಯೂ ಹುಡುಗನ್ನ ಊಟ ಬೇಗ ಬೆಳಸೂದಿಲ್ಲ, ಆದ್ರ ಜಿಗಿತ ಬಂದಾಗ ಹಸಿವು ಎರಡು ಪಟ್ಟು ಆದಂಗ ಆಗ್ತೈತಿ, ಅವಾಗ ಕೊಡಾಕ ಮನ್ಯಾಗ ಇರಬೇಕು. ಟ್ಯೂಷನ್ನಿಗೆ ಹೋಗೂ ಮುಂದ ಚಾ-ಖಾರಿ ಬದಲಿ ಒಂದು ಹಿಡಿ ಹುರದ ಶೇಂಗಾ ಬೆಲ್ಲ, ಇಲ್ಲಾ ರೊಟ್ಟಿ ಮ್ಯಾಲ ಶೇಂಗಾ ಹಿಂಡಿ ಕೆನಿಮೊಸರು ಕೊಡ್ರಿ. ರಾತ್ರಿ ಊಟದಾಗ ಮಡಿಕಿಕಾಳೋ ಹೆಸರಕಾಳೋ ತತ್ತಿನೋ ಇರಲಿ. ಹಸಿವಿನ ಟಾನಿಕ್‌ಗಳಾಗ ಭಾಳಷ್ಟಕ್ಕ ನಿದ್ದಿ ಬರಸೂ ಔಷಧ ಇರ್ತೈತಿ, ಬಿಟ್ಟಕೂಡ್ಲೆ ಹಸಿವು ಮೊದಲಿನಂಗ. ಜಿಮ್ಮಿನ್ಯಾಗ ಯಾರರ ಸ್ಟಿರಾಯ್ಡ್ ಗುಳಿಗಿ, ಇಂಜೆಕ್ಷನ್ ಕೊಡ್ತೀನಿ ಅಂದ್ರ ಮಾತ್ರ ಖಡಾಖಂಡಿತ ಬ್ಯಾಡ ಅನ್ರಿ, ಅದು ಎಲುಬು ಬೆಳಿಯೂ ತುದಿಯನ್ನ ಅವಧಿಗಿಂತ ಮೊದ್ಲ ಮುಚ್ಚಿಬಿಡತೈತಿ, ಇನ್ನೂ ಬರಬೇಕಾದ ಎತ್ತರ ಹೊಕ್ಕೈತಿ. ಹುಡುಗ ಮನಸಿಗೆ ಭಾಳ ಹಚ್ಕೊಂಡಿದ್ರ ಹಾರ್ಮೋನ್ ತಜ್ಞರು ಸಣ್ಣ ಡೋಸಿನ ಟೆಸ್ಟೊಸ್ಟಿರಾನ್ ಕೆಲವು ತಿಂಗಳು ಕೊಡೂದು ಉಂಟು, ಅದು ಎಲುಬಿನ ವಯಸ್ಸು ನೋಡಿ ಲೆಕ್ಕ ಹಾಕಿ ಕೊಡೂದು.

ತೋರಸಾಕ ಹೋಗೂ ಮುಂದ ಎತ್ತರ-ತೂಕದ ಹಾಳಿ, ಸಾಲಿ ಕಾರ್ಡ್, ಅಪ್ಪ ಅವ್ವನ ಎತ್ತರ, ಅವರು ಯಾವಾಗ ಬೆಳದ್ರು ಅನ್ನೂದು ಬರಕೊಂಡು ಹೋಗ್ರಿ. ಮೊದ್ಲ ಮಕ್ಕಳ ಡಾಕ್ಟರ್ ಸಾಕು. ಮೊದ್ಲ ಕಿಮ್ಸ್ ಅಂತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ, ಗದಗಿನ ಜಿಮ್ಸ್‌ನಾಗ ಮಕ್ಕಳ ವಿಭಾಗ ಐತಿ, ಸರಕಾರಿ ದವಾಖಾನಿ ಸ್ನೇಹ ಕ್ಲಿನಿಕ್ ಹರೆದ ಮಕ್ಕಳಿಗಂತಽ ಇರೂದು. ಪರೀಕ್ಷಾ ಮಾಡೂ ಮುಂದ ಹುಡುಗನ ಜೊತಿ ಅಪ್ಪ ಇರಲಿ, ಅವ್ವ ಅಕ್ಕ ಹೊರಗ ಕುಂದರಲಿ, ಇಲ್ಲಾಂದ್ರ ನಾಚಿಕಿಗೆ ಆಂವ ಪ್ಯಾಂಟ್ ಬಿಚ್ಚೂದಿಲ್ಲ, ನೋಡಬೇಕಾದ್ದನ್ನ ನೋಡಲಾರದಽ ಡಾಕ್ಟರ್ ಬರೇ ಟಾನಿಕ್ ಬರದು ಕಳಸ್ತಾರ.